ಹೊಳೆಯ ದಡದಲ್ಲಿ ಮನೆಯವರು ಆಡಬಹುದಾದ ಮಾತು

(ದಾವಣಗೆರೆಯಲ್ಲಿ ಮಾಡಿದ ಉಪನ್ಯಾಸದ ಪರಿಷ್ಕೃತ ಬರಹ ರೂಪ)

ನಾನು ಇಂದು ಮಾತನಾಡಬೇಕೆಂದಿರುವುದು ಹೆಚ್ಚೆಂದರೆ ಮೂರು ನಿಮಿಷಗಳ ಒಂದು ಅವಧಿಯ ಬಗ್ಗೆ. ಹರಿಹರದ ತುಂಗಭದ್ರೆಯ ದಡಕ್ಕೆ ಅಸ್ಥಿಯ ಕುಡಿಕೆ ಹಿಡಿದು ಬಂದ ಕುಟುಂಬವು ಪುರೋಹಿತರ ಕ್ರಿಯೆಯನ್ನೆಲ್ಲ ಮುಗಿಸಿ, ಕುಡಿಕೆಯನ್ನು ನೀರಿಗೆ ಬಾಗಿಸುವ ಮೊದಲು ಒಮ್ಮೆ ನಿಲ್ಲುತ್ತದೆ. ಆಗ ಗುಂಪಿನಲ್ಲಿ ಯಾರಾದರೂ ಹಿರಿಯರು ‘ಏನಾದ್ರೂ ಹೇಳೋದಿದ್ರೆ ಹೇಳ್ರಪ್ಪಾ’ ಎನ್ನುತ್ತಾರೆ. ಹೇಳಲು ಎಲ್ಲರಿಗೂ ಇರುತ್ತದೆ, ಆದರೆ ಯಾರ ಬಾಯಿಂದಲೂ ಮಾತು ಹೊರಡುವುದಿಲ್ಲ. ಕೊನೆಗೆ ಒಬ್ಬರು ಅಳುತ್ತಾರೆ, ಇನ್ನೊಬ್ಬರು ‘ಆಯ್ತು, ಬಿಡ್ರಿ’ ಎನ್ನುತ್ತಾರೆ, ಕುಡಿಕೆ ಬರಿದಾಗುತ್ತದೆ. ಮನೆಗೆ ಹಿಂದಿರುಗುವಾಗ ಕಾರಿನಲ್ಲಿ ಆ ಮಾತುಗಳೆಲ್ಲ ಒಂದೊಂದಾಗಿ ನೆನಪಾಗುತ್ತವೆ.

ನಾನು ಕನ್ನಡ ಪಾಠ ಹೇಳಿ ನಿವೃತ್ತನಾದವನು, ಪೌರೋಹಿತ್ಯ ಬಲ್ಲವನಲ್ಲ. ನೆರೆಹೊರೆಯವರು ‘ಮೇಷ್ಟ್ರೇ, ನಾಲ್ಕು ಮಾತು ಬರೆದುಕೊಡಿ’ ಎಂದು ಕೇಳಿದ್ದರಿಂದ ಈ ಕೆಲಸಕ್ಕೆ ಬಂದೆ. ಬರೆದುಕೊಡುವುದಕ್ಕಿಂತ ಮನೆಯವರಿಂದಲೇ ಮಾತು ತೆಗೆಸುವುದು ಒಳ್ಳೆಯದೆಂದು ಅನಂತರ ತಿಳಿಯಿತು. ಅದನ್ನು ಹೇಗೆ ಮಾಡಬಹುದೆಂಬುದೇ ಇಂದಿನ ವಿಷಯ.

ಮೊದಲಿಗೆ ಒಂದು ಮಿತಿಯನ್ನು ಹೇಳಿಬಿಡುತ್ತೇನೆ. ನಮ್ಮ ದಾವಣಗೆರೆ, ಚಿತ್ರದುರ್ಗದ ಸೀಮೆಯಲ್ಲಿ ಅನೇಕ ಸಮುದಾಯಗಳು ಸುಡುವುದಿಲ್ಲ. ಲಿಂಗಾಯತರು ವಿಭೂತಿಯಿಟ್ಟು ಸಮಾಧಿ ಮಾಡುತ್ತಾರೆ, ಹಲವು ರೈತ ಕುಟುಂಬಗಳು ತಮ್ಮ ಹೊಲದಲ್ಲಿಯೇ ಹೂಳುತ್ತವೆ. ಆ ಮನೆಗಳಲ್ಲಿ ಅಸ್ಥಿಯ ಪ್ರಶ್ನೆಯೇ ಬರುವುದಿಲ್ಲ. ಸುಡುವ ಮನೆಗಳಲ್ಲೂ ಪದ್ಧತಿ ಒಂದೇ ಇಲ್ಲ. ಮೂರನೆಯ ದಿನ ಹಾಲು ತುಪ್ಪ ಬಿಟ್ಟು ಅಸ್ಥಿ ಆರಿಸಿ ಅಂದೇ ಹೊಳೆಗೆ ಬರುವವರಿದ್ದಾರೆ, ಕುಡಿಕೆಯನ್ನು ಮನೆಯ ಹೊರಗೆ ಮರಕ್ಕೆ ಕಟ್ಟಿಟ್ಟು ಹತ್ತನೆಯ ದಿನದೊಳಗೆ ಬರುವವರಿದ್ದಾರೆ, ಕಾಶಿಗೋ ರಾಮೇಶ್ವರಕ್ಕೋ ಒಯ್ಯಲು ಒಂದು ಪಾಲನ್ನು ತೆಗೆದಿಡುವವರೂ ಇದ್ದಾರೆ. ಇದರಲ್ಲಿ ಯಾವುದು ಸರಿ ಎಂಬ ಚರ್ಚೆಗೆ ನಾನು ಹೋಗುವುದಿಲ್ಲ. ಎಲ್ಲ ಪದ್ಧತಿಗಳಲ್ಲೂ ಮನೆಯವರು ತಮ್ಮ ಸ್ವಂತ ಬಾಯಲ್ಲಿ ಮಾತನಾಡಲು ಒಂದು ಜಾಗ ಉಳಿದಿದೆ, ನನ್ನ ಆಸಕ್ತಿ ಇರುವುದು ಆ ಜಾಗದಲ್ಲಿ.

ಆ ಜಾಗ ಎಲ್ಲಿದೆ ಎಂದು ತಿಳಿಯಲು ಪುರೋಹಿತರು ಆರಂಭದಲ್ಲಿ ಹೇಳಿಸುವ ಸಂಕಲ್ಪವನ್ನು ಸ್ವಲ್ಪ ಗಮನವಿಟ್ಟು ಕೇಳಬೇಕು. ನೀವೆಲ್ಲ ಮದುವೆ, ಗೃಹಪ್ರವೇಶಗಳಲ್ಲಿ ಅದನ್ನು ಕೇಳಿರುತ್ತೀರಿ. ‘ಜಂಬೂದ್ವೀಪೇ, ಭರತವರ್ಷೇ, ದಂಡಕಾರಣ್ಯೇ, ಗೋದಾವರ್ಯಾಃ ದಕ್ಷಿಣೇ ತೀರೇ’ ಎಂದು ಅದು ಹೊರಡುತ್ತದೆ. ಗೋದಾವರಿಯ ದಕ್ಷಿಣ ತೀರದಲ್ಲಿ ನಿಂತಿದ್ದೇವೆ ಎಂದು ಅದರ ಅರ್ಥ, ಅಂದರೆ ನಾವು ಎಲ್ಲಿದ್ದೇವೆಂಬುದನ್ನು ಅದು ಒಂದು ನದಿಯ ಲೆಕ್ಕದಲ್ಲಿ ಹೇಳುತ್ತದೆ. ಅನಂತರ ಸಂವತ್ಸರ, ಅಯನ, ಋತು, ಮಾಸ, ಪಕ್ಷ, ತಿಥಿ, ವಾರಗಳು ಬರುತ್ತವೆ. ಆಮೇಲೆ ಗೋತ್ರ ಮತ್ತು ಹೆಸರು, ಗೋತ್ರ ತಿಳಿಯದವರಿಗೆ ಕಾಶ್ಯಪ ಗೋತ್ರ. ಕೊನೆಯಲ್ಲಿ ಯಾರಿಗಾಗಿ ಯಾವ ಕರ್ಮವನ್ನು ಮಾಡುತ್ತೇನೆ ಎಂದು ಹೇಳಿ ‘ಕರಿಷ್ಯೇ’ ಎಂದು ಮುಗಿಯುತ್ತದೆ. ಎಲ್ಲಿ, ಯಾವಾಗ, ಯಾರು, ಯಾರಿಗಾಗಿ, ಏನನ್ನು ಎಂಬ ಐದು ಪ್ರಶ್ನೆಗಳಿಗೆ ಅಲ್ಲಿ ಉತ್ತರವಿದೆ, ಹೊಗಳಿಕೆಯ ಒಂದು ಪದವೂ ಇಲ್ಲ. ಮಾತು ಸಿಗದೆ ನಿಂತ ಕುಟುಂಬಕ್ಕೆ ನಾನು ಕೊಡುವ ಮೊದಲ ಸಲಹೆಯೆಂದರೆ ಇದೇ ಐದು ಸಂಗತಿಗಳನ್ನು ನಿಮ್ಮ ಮನೆಯ ಕನ್ನಡದಲ್ಲಿ ಹೇಳಿರಿ ಎಂಬುದು. ಇವತ್ತು ಯಾವ ದಿನ, ನಾವು ಎಲ್ಲಿ ನಿಂತಿದ್ದೇವೆ, ಇಲ್ಲಿ ಯಾರು ಯಾರು ಇದ್ದೇವೆ, ನೀನು ಯಾರು, ಏನು ಮಾಡಲು ಬಂದಿದ್ದೇವೆ ಎಂದು ಹೇಳಲು ಕವಿತ್ವ ಬೇಕಾಗಿಲ್ಲ. ದುಃಖದಲ್ಲಿರುವವನೂ ಇದನ್ನು ಹೇಳಬಲ್ಲ, ಏಕೆಂದರೆ ಇವು ಯೋಚಿಸಿ ಹುಡುಕಬೇಕಾದ ಮಾತುಗಳಲ್ಲ. ಮೊದಲ ವಾಕ್ಯ ಹೊರಬಂದರೆ ಎರಡನೆಯದು ತಾನಾಗಿ ಬರುತ್ತದೆ.

ಎರಡನೆಯ ಸಂಗತಿ, ಮಾತು ಯಾರನ್ನು ಉದ್ದೇಶಿಸಿರಬೇಕು ಎಂಬುದು. ಋಗ್ವೇದದ ಹತ್ತನೆಯ ಮಂಡಲದ ಹದಿನಾರನೆಯ ಸೂಕ್ತವು ಶವಸಂಸ್ಕಾರದ ಸಮಯದ್ದು. ಅದು ಬಹುಮಟ್ಟಿಗೆ ಅಗ್ನಿಯೊಡನೆ ಮಾತನಾಡುತ್ತದೆ. ಆದರೆ ಮೂರನೆಯ ಮಂತ್ರದಲ್ಲಿ ಥಟ್ಟನೆ ತಿರುಗಿ ಸತ್ತವನೊಡನೆಯೇ ಮಾತನಾಡುತ್ತದೆ. ನಿನ್ನ ಕಣ್ಣು ಸೂರ್ಯನನ್ನು ಸೇರಲಿ, ನಿನ್ನ ಉಸಿರು ಗಾಳಿಯನ್ನು ಸೇರಲಿ, ಧರ್ಮಕ್ಕೆ ತಕ್ಕಂತೆ ಆಕಾಶಕ್ಕೂ ಭೂಮಿಗೂ ಹೋಗು, ಅಲ್ಲಿ ನಿನಗೆ ಹಿತವೆನಿಸಿದರೆ ನೀರಿಗೆ ಹೋಗು, ಗಿಡಬಳ್ಳಿಗಳಲ್ಲಿ ನಿನ್ನ ಅಂಗಗಳೊಡನೆ ನೆಲೆ ನಿಲ್ಲು ಎಂಬುದು ಅದರ ಭಾವ. ಮೂಲದಲ್ಲಿ ‘ಅಪೋ ವಾ ಗಚ್ಛ ಯದಿ ತತ್ರ ತೇ ಹಿತಮ್’ ಎಂದಿದೆ. ಈ ಸಾಲಿನಲ್ಲಿ ನನಗೆ ಮುಖ್ಯವಾಗಿ ಕಾಣುವುದು ‘ನಿನಗೆ ಹಿತವೆನಿಸಿದರೆ’ ಎಂಬ ಭಾಗ. ಹೋಗು ಎಂದು ಅಪ್ಪಣೆ ಮಾಡುವಾಗಲೂ ಹೋಗುವವನ ಇಷ್ಟವನ್ನು ಅದು ಕೇಳಿಕೊಳ್ಳುತ್ತದೆ. ಹೊಳೆಯ ದಡದ ಮಾತು ಹೀಗೆ ‘ನೀನು’ ಎಂದು ಅಥವಾ ‘ನೀವು’ ಎಂದು ನೇರವಾಗಿ ಸತ್ತವರೊಡನೆ ಆಡುವ ಮಾತಾಗಿರಬೇಕು. ‘ನಮ್ಮ ತಂದೆಯವರು ಆದರ್ಶ ವ್ಯಕ್ತಿಯಾಗಿದ್ದರು’ ಎಂದು ಶುರು ಮಾಡಿದರೆ ಅದು ಶ್ರದ್ಧಾಂಜಲಿ ಸಭೆಯ ಭಾಷಣವಾಗುತ್ತದೆ. ಅದಕ್ಕೆ ಹದಿಮೂರನೆಯ ದಿನ ಊಟದ ಮೊದಲು ಜಾಗವಿದೆ, ಬಂದ ನೆಂಟರು ಕೇಳುತ್ತಾರೆ. ಹೊಳೆಯ ದಡದಲ್ಲಿ ಕೇಳುವವರು ಮನೆಯವರು, ಅವರಿಗೆ ತಂದೆಯ ಪರಿಚಯ ಮಾಡಿಕೊಡಬೇಕಾಗಿಲ್ಲ.

ಇನ್ನು ಕೈಯ ಕೆಲಸದ ಬಗ್ಗೆ ಸ್ವಲ್ಪ ಹೇಳಬೇಕು, ಏಕೆಂದರೆ ಮಾತು ಕೆಡುವುದು ಅನೇಕ ಸಲ ಅಲ್ಲಿಯೇ. ಕುಡಿಕೆಯಲ್ಲಿ ಎರಡು ಬಗೆಯ ವಸ್ತುವಿರುತ್ತದೆ. ಎಲುಬಿನ ಚೂರುಗಳು ನೀರಿಗೆ ಬಿದ್ದ ಕೂಡಲೇ ಮುಳುಗುತ್ತವೆ. ನಯವಾದ ಬೂದಿಯ ಒಂದು ಭಾಗ ಸ್ವಲ್ಪ ಹೊತ್ತು ಮೇಲೆ ತೇಲಿ ಬಿಳಿಚಾಗಿ ಹರಡುತ್ತದೆ, ಇನ್ನೊಂದು ಭಾಗ ಗಾಳಿಗೆ ಹಾರುತ್ತದೆ. ಎದೆಯೆತ್ತರದಿಂದ ಸುರಿದರೆ ಬೂದಿ ನೀರಿಗಿಂತ ಹೆಚ್ಚಾಗಿ ಹಿಂದೆ ನಿಂತವರ ಮುಖಕ್ಕೆ ಬರುತ್ತದೆ, ಬಾಯಿ ತೆರೆದು ಮಾತನಾಡುತ್ತಿದ್ದವನು ಕೆಮ್ಮುತ್ತಾನೆ, ಆಮೇಲೆ ಎಲ್ಲವೂ ಗಲಿಬಿಲಿ. ಆದ್ದರಿಂದ ಗಾಳಿ ಬೆನ್ನಿಗೆ ಬರುವಂತೆ ನಿಲ್ಲಬೇಕು, ಕುಡಿಕೆಯ ಬಾಯಿ ನೀರಿಗೆ ಒಂದು ಗೇಣಿನಷ್ಟು ಹತ್ತಿರವಿರಬೇಕು, ಸುರಿಯುವಾಗ ಸುಮ್ಮನಿರಬೇಕು. ಮಾತೆಲ್ಲ ಸುರಿಯುವ ಮೊದಲೇ ಆಗಲಿ, ಸುರಿದಾದ ಮೇಲೆ ಒಂದು ಸಣ್ಣ ವಾಕ್ಯವನ್ನು ಎಲ್ಲರೂ ಹೇಳಲಿ. ಸುರಿಯುವ ಕೆಲಸ ಅರ್ಧ ನಿಮಿಷದಲ್ಲಿ ಮುಗಿಯುತ್ತದೆಂಬುದು ಅನೇಕರಿಗೆ ಅಲ್ಲಿಗೆ ಬರುವವರೆಗೂ ತಿಳಿದಿರುವುದಿಲ್ಲ. ‘ಬಿಡುತ್ತ ಬಿಡುತ್ತ ಹೇಳುತ್ತೇನೆ’ ಎಂದುಕೊಂಡು ಬಂದವನ ಮಾತು ಎರಡನೆಯ ವಾಕ್ಯದಲ್ಲಿರುವಾಗಲೇ ಕುಡಿಕೆ ಬರಿದಾಗಿರುತ್ತದೆ.

ಆಷಾಢ, ಶ್ರಾವಣಗಳಲ್ಲಿ ತುಂಗಭದ್ರೆ ತುಂಬಿ ಬರುವಾಗ ನೀರಿಗಿಳಿಯಲೇಬಾರದು, ದಡದ ಗಟ್ಟಿ ನೆಲದ ಮೇಲೆ ನಿಂತು ಹೇಳಿ, ಬಲ್ಲವರೊಬ್ಬರು ಮಾತ್ರ ಕುಡಿಕೆ ಬಾಗಿಸಲಿ. ಆಗ ನೀರಿನ ಸದ್ದು ದೊಡ್ಡದಾಗಿರುವುದರಿಂದ ಮೆಲ್ಲಗೆ ಹೇಳಿದ ಮಾತು ಪಕ್ಕದವನಿಗೂ ಕೇಳಿಸುವುದಿಲ್ಲ, ಅದಕ್ಕಾಗಿ ವಾಕ್ಯಗಳು ಗಿಡ್ಡವಾಗಿರಬೇಕು. ಮೊಬೈಲಿನಲ್ಲಿ ಬರೆದುಕೊಂಡು ಬರುವವರಿಗೂ ಒಂದು ಮಾತು. ಒದ್ದೆ ಕೈಗೆ ತೆರೆ ಸ್ಪಂದಿಸುವುದಿಲ್ಲ, ಬಿಸಿಲಿಗೆ ಅಕ್ಷರ ಕಾಣುವುದಿಲ್ಲ. ದೊಡ್ಡ ಅಕ್ಷರದಲ್ಲಿ ಬರೆದ ಒಂದು ಕಾಗದವೇ ವಾಸಿ, ಅದನ್ನು ಹಿಡಿಯುವವನು ಕುಡಿಕೆ ಹಿಡಿದವನಾಗಿರಬಾರದು.

ಈಗ ಒಂದು ಮನೆಯ ಉದಾಹರಣೆಯನ್ನು ಪೂರ್ತಿಯಾಗಿ ನೋಡೋಣ. ನಾನು ಬಲ್ಲ ಕೆಲವು ಮನೆಗಳ ಸಂಗತಿಗಳನ್ನು ಕೂಡಿಸಿ ಒಂದು ಮನೆ ಮಾಡಿಕೊಂಡಿದ್ದೇನೆ, ಯಾರೂ ತಮ್ಮದೇ ಎಂದು ತಿಳಿಯಬಾರದು. ತೀರಿಕೊಂಡಾಕೆಯನ್ನು ಗೌರವ್ವ ಎನ್ನೋಣ. ತವರು ಹಿರಿಯೂರಿನ ಕಡೆ, ಕೊಟ್ಟ ಊರು ಹರಿಹರದ ಹತ್ತಿರ, ಭದ್ರಾ ನಾಲೆಯ ನೀರು ಹರಿಯುವ ಭತ್ತದ ಗದ್ದೆ. ಹಿರಿಯ ಮಗ ಊರಲ್ಲಿ, ಮಗಳು ದಾವಣಗೆರೆಯಲ್ಲಿ, ಕಿರಿಯ ಮಗ ಪರದೇಶದಲ್ಲಿ. ಹಿರಿಯ ಮಗ ತಾನು ಬರೆದ ಒಂದು ಪುಟವನ್ನು ತಂದು ತೋರಿಸುತ್ತಾನೆ. ‘ಮಮತೆಯ ಮಡಿಲು, ತ್ಯಾಗದ ಪ್ರತಿರೂಪ, ಸಹನೆಯ ಕಡಲು ನಮ್ಮ ತಾಯಿಯವರು’ ಎಂದು ಅದು ಶುರುವಾಗುತ್ತದೆ. ಇಂಥ ಪುಟವನ್ನು ಓದಿದಾಗ ನಾನು ತಪ್ಪು ಎನ್ನುವುದಿಲ್ಲ. ‘ಇದರಲ್ಲಿ ನಿಮ್ಮವ್ವ ಮಾಡಿದ ಕೆಲಸ ಒಂದಾದರೂ ಇದೆಯೇ?’ ಎಂದಷ್ಟೇ ಕೇಳುತ್ತೇನೆ. ಆ ಪುಟದಲ್ಲಿ ಇರಲಿಲ್ಲ. ಹೆಸರು ತೆಗೆದು ಇನ್ನೊಬ್ಬರ ಹೆಸರಿಟ್ಟರೂ ಆ ಪುಟ ಸರಿಹೊಂದುತ್ತಿತ್ತು. ಬರೆದದ್ದು ಹದವಾಗಿದೆಯೇ ಎಂದು ತಿಳಿಯಲು ಈ ಪರೀಕ್ಷೆಯೊಂದು ಸಾಕು.

ಆಮೇಲೆ ಮಗಳನ್ನು ಕೇಳಬೇಕು. ಹೆಣ್ಣುಮಕ್ಕಳು ಸಾಮಾನ್ಯವಾಗಿ ದೇಹದ ನೆನಪನ್ನು ಹೇಳುತ್ತಾರೆ. ನಾಟಿಯ ದಿನಗಳಲ್ಲಿ ಕೆಸರಲ್ಲಿ ನಿಂತು ನಿಂತು ಕಾಲು ನೋಯುತ್ತಿದ್ದುದು, ರಾತ್ರಿ ಎದ್ದು ಕುಳಿತು ಮೊಣಕಾಲಿಗೆ ಎಣ್ಣೆ ತಿಕ್ಕಿಕೊಳ್ಳುತ್ತಿದ್ದುದು ಅವಳ ನೆನಪು. ಇದನ್ನು ಹೊಳೆಯ ದಡದಲ್ಲಿ ಹೇಳಬಹುದೇ ಎಂದು ಅವಳಿಗೆ ಸಂಕೋಚ. ಹೇಳಲೇಬೇಕಾದದ್ದು ಇದೇ, ಏಕೆಂದರೆ ಕುಡಿಕೆಯಲ್ಲಿರುವುದು ಆ ಕಾಲಿನ ಎಲುಬು. ಅಲ್ಲದೆ ಭದ್ರೆಯ ನೀರೇ ನಾಲೆಯಲ್ಲಿ ಬಂದು ಆ ಗದ್ದೆಯನ್ನು ತುಂಬಿಸಿದ್ದು, ಅದೇ ಭದ್ರೆ ಶಿವಮೊಗ್ಗೆಯ ಹತ್ತಿರ ಕೂಡ್ಲಿಯಲ್ಲಿ ತುಂಗೆಯೊಡನೆ ಕೂಡಿ ಹೊನ್ನಾಳಿಯ ಮೇಲೆ ಹರಿಹರಕ್ಕೆ ಬರುವುದು. ನದಿಯ ಬಗ್ಗೆ ಏನಾದರೂ ಹೇಳಬೇಕೆಂದಿದ್ದರೆ ಹೀಗೆ ಸತ್ತವರ ಬದುಕಿಗೆ ತಾಗಿದ ಸಂಗತಿಯನ್ನು ಹೇಳಬೇಕು. ಪಾವನಿ, ಪುಣ್ಯಸಲಿಲೆ ಎಂದು ಮುಂತಾಗಿ ವರ್ಣಿಸಬೇಕಾಗಿಲ್ಲ, ಪುಣ್ಯನದಿಗಳನ್ನು ಹೆಸರು ಹಿಡಿದು ಕರೆಯಲು ‘ಗಂಗೇ ಚ ಯಮುನೇ ಚೈವ’ ಎಂಬ ಶ್ಲೋಕವಿದ್ದೇ ಇದೆ, ಪುರೋಹಿತರು ಅದನ್ನು ಹೇಳಿರುತ್ತಾರೆ.

ಕೊನೆಗೆ ಒಂದು ಕಷ್ಟದ ಸಂಗತಿ ಹೊರಬರುತ್ತದೆ. ಹೊಲ ಮಾರುವ ವಿಷಯದಲ್ಲಿ ಹಿರಿಯ ಮಗನಿಗೂ ತಾಯಿಗೂ ಮನಸ್ತಾಪವಾಗಿ ಕೆಲವು ಕಾಲ ಮಾತು ನಿಂತಿತ್ತು. ಅವನಿಗೆ ಕ್ಷಮೆ ಕೇಳುವ ಆಸೆ. ಅವನು ಬರೆದದ್ದು ಹೀಗೆ: ‘ಅವ್ವಾ, ಹೊಲ ಮಾರಿದ್ದಕ್ಕೆ ಕ್ಷಮಿಸು, ಆದ್ರೆ ಸಾಲ ಅಷ್ಟಾಗಿತ್ತು, ಯಾರೂ ಕೈ ಹಿಡೀಲಿಲ್ಲ.’ ಈ ವಾಕ್ಯದ ಮೊದಲರ್ಧ ತಾಯಿಗೆ ಹೇಳಿದ್ದು, ಉತ್ತರಾರ್ಧ ಪಕ್ಕದಲ್ಲಿ ನಿಂತ ತಂಗಿಗೆ ಹೇಳಿದ್ದು. ‘ಆದರೆ’ ಎಂಬ ಪದ ಬಂದ ಕೂಡಲೇ ಹೊಳೆಯ ದಡ ಪಂಚಾಯಿತಿ ಕಟ್ಟೆಯಾಗುತ್ತದೆ. ಕಾರಣ ಹೇಳುವ ಕೆಲಸವನ್ನು ಇನ್ನೊಂದು ದಿನ, ಜೀವಂತ ಇರುವವರ ಜೊತೆ, ಕುಳಿತುಕೊಂಡು ಮಾಡಬೇಕು. ಇಲ್ಲಿ ಮನಸ್ತಾಪವಾಗಿತ್ತೆಂದು ಒಪ್ಪಿಕೊಂಡು ಅದರ ಹೊರೆಯನ್ನು ತಾನು ಹೊತ್ತುಕೊಂಡರೆ ಸಾಕು. ಹಾಗೆ ತಿದ್ದಿ, ಮಗಳ ಮಾತನ್ನು ಸೇರಿಸಿ, ಅವರ ಮನೆಯ ಮಾತಿನಲ್ಲಿಯೇ ಬರೆದುಕೊಂಡದ್ದು ಇಷ್ಟು:

‘ಅವ್ವಾ, ಗೌರವ್ವಾ. ಇವತ್ತು ಕಾರ್ತಿಕದ ಸೋಮವಾರ. ಹರಿಹರದಾಗೆ ಹೊಳಿ ದಂಡಿಗೆ ಬಂದೀವಿ. ನಿನ್ನ ದೊಡ್ಡ ಮಗ ನಾನು, ನಿನ್ನ ಮಗಳು, ಸೊಸಿ, ಮೊಮ್ಮಕ್ಕಳು ಇಲ್ಲಿ ನಿಂತೀವಿ. ಸಣ್ಣಾವ ದೂರದಾಗೆ ಇದಾನೆ, ಅವನ ಹೆಸರಿನಾಗೂ ಹೇಳ್ತೀವಿ. ಹಿರಿಯೂರು ಕಡಿಂದ ಈ ಮನಿಗೆ ಬಂದಿದ್ದಿ. ಭದ್ರಾ ನೀರಿನಾಗೆ ನಿಂತು ನಾಟಿ ಮಾಡಿದ್ದಿ. ಕಾಲು ನೋವು ಅಂತ ರಾತ್ರಿ ಎದ್ದು ಕುಂತಿರ್ತಿದ್ದಿ, ನಾವು ಮಲಗಿರ್ತಿದ್ವಿ. ಹೊಲದ ಮಾತಿನಾಗೆ ನಿನ್ನ ಕೂಡ ಸಿಟ್ಟು ಮಾಡಿದ್ದೆ. ಅದು ನನ್ನ ತಲಿ ಮ್ಯಾಲೆ ಇರಲಿ, ನೀನು ಹೊತ್ತುಕೊಂಡು ಹೋಗಬ್ಯಾಡ. ನಿನ್ನ ಎಲುಬು, ನಿನ್ನ ಬೂದಿ ಈ ನೀರಿಗೆ ಬಿಡ್ತೀವಿ. ನಿನಗೆ ಹಿತ ಅನ್ನಿಸಿದ ಕಡೆ ಹೋಗು, ಹಿತ ಅನ್ನಿಸಿದ ಕಡೆ ನಿಲ್ಲು. ನಮ್ಮ ಕಡಿಂದ ತಡಿಯಿಲ್ಲ.’

ನಿಧಾನವಾಗಿ, ಅಲ್ಲಲ್ಲಿ ತಡೆದು ಹೇಳಿದರೂ ಇದಕ್ಕೆ ಒಂದು ನಿಮಿಷ ಸಾಕು. ಮೊದಲ ಭಾಗದಲ್ಲಿ ಸಂಕಲ್ಪದ ನಾಲ್ಕು ಸಂಗತಿಗಳಿವೆ, ಕೊನೆಯ ಭಾಗದಲ್ಲಿ ಐದನೆಯದೂ ಋಗ್ವೇದದ ಆ ಮಂತ್ರದ ನೆರಳೂ ಇವೆ, ಆದರೆ ಕೇಳಿದವರಿಗೆ ಇದು ಅವರ ಮನೆಯ ಮಾತಾಗಿಯೇ ಕೇಳಿಸುತ್ತದೆ. ‘ನಾವು ಮಲಗಿರ್ತಿದ್ವಿ’ ಎಂಬುದನ್ನು ಮಗಳು ತಾನಾಗಿ ಸೇರಿಸಿದಳು. ಅದು ನನ್ನಂಥವನು ಬರೆದುಕೊಡಲಾಗದ ಮಾತು. ಕುಡಿಕೆ ಬರಿದಾದ ಮೇಲೆ ಎಲ್ಲರೂ ಸೇರಿ ಹೇಳಲು ಒಂದೇ ಒಂದು ಕರೆ ಸಾಕು, ‘ಅವ್ವಾ’ ಎಂದು. ಕಾಗದ ನೋಡಲಾರದ ಮಕ್ಕಳಿಗೂ, ದನಿ ಒಡೆದವರಿಗೂ ಅದು ಸಾಧ್ಯ.

ಇಲ್ಲಿ ಒಬ್ಬರು ಪ್ರಶ್ನೆ ಕಳುಹಿಸಿದ್ದಾರೆ, ‘ಹೋಗಿ ಬಾ’ ಎನ್ನಬಹುದೇ ಎಂದು. ಸಾವಿನ ಮನೆಯಿಂದ ಹೊರಡುವಾಗ ನಾವು ‘ಬರ್ತೀವಿ’ ಎನ್ನುವುದಿಲ್ಲ, ಹೇಳದೆ ಎದ್ದು ಹೋಗುತ್ತೇವೆ. ಹೊಳೆಯಿಂದ ಹಿಂದಿರುಗುವಾಗಲೂ ತಿರುಗಿ ನೋಡಬಾರದೆಂಬ ರೂಢಿ ಅನೇಕ ಮನೆಗಳಲ್ಲಿದೆ. ಇಂಥ ಮನೆಗಳಲ್ಲಿ ‘ಹೋಗಿ ಬಾ’ ಎಂದರೆ ಹಿರಿಯರು ಬೆಚ್ಚುತ್ತಾರೆ. ‘ಹೋಗು’ ಎಂದರೆ ಮಕ್ಕಳಿಗೆ ಹೇಳಲು ಬಾಯಿ ಬರುವುದಿಲ್ಲ. ಅದಕ್ಕಾಗಿಯೇ ‘ಹಿತ ಅನ್ನಿಸಿದ ಕಡೆ ಹೋಗು’ ಎಂಬಂಥ ವಾಕ್ಯ ಅನುಕೂಲ. ಇನ್ನು ಕೆಲವರು ‘ಮತ್ತೆ ನಮ್ಮ ಮನೆಯಲ್ಲೇ ಹುಟ್ಟಿ ಬಾ’ ಎನ್ನುತ್ತಾರೆ. ಪುನರ್ಜನ್ಮದಲ್ಲಿ ನಂಬಿಕೆಯುಳ್ಳ ಮನೆಯಲ್ಲಿ ಅದು ತೀರ ಸಹಜವಾದ ಮಾತು. ಆದರೆ ಪುರೋಹಿತರು ಆಗತಾನೆ ಮೋಕ್ಷ ಸಿಗಲಿ ಎಂದಿರುತ್ತಾರೆ, ಮಗ ಹುಟ್ಟಿ ಬಾ ಎನ್ನುತ್ತಾನೆ. ಈ ವಿರೋಧವನ್ನು ಯಾರೂ ಗಮನಿಸುವುದಿಲ್ಲ, ನಾನೂ ಗಮನಿಸದವನಂತೆ ಸುಮ್ಮನಿರುತ್ತೇನೆ.

ಕರೆಯುವ ರೀತಿಯ ಬಗ್ಗೆ ಇನ್ನೂ ಸ್ವಲ್ಪ ಹೇಳಬೇಕು. ಬದುಕಿದ್ದಾಗ ಹೇಗೆ ಕರೆಯುತ್ತಿದ್ದಿರೋ ಹಾಗೆಯೇ ಕರೆಯಿರಿ. ತಾಯಿಗೆ ‘ನೀನು’, ಅಪ್ಪಾಜಿಗೆ ‘ನೀವು’, ಅತ್ತೆಗೆ ಸೊಸೆ ‘ಅತ್ತೀ, ನೀವು’ ಎಂದೇ ಹೇಳಲಿ. ಜೀವಮಾನವೆಲ್ಲ ‘ಲೇ ತಮ್ಮಾ’ ಎಂದು ಕರೆದ ಅಣ್ಣನು ಹೊಳೆಯ ದಡದಲ್ಲಿ ‘ಪ್ರೀತಿಯ ಸಹೋದರನೇ’ ಎಂದರೆ ಪಕ್ಕದಲ್ಲಿ ನಿಂತವರಿಗೆ ಇವನು ಯಾರನ್ನು ಕರೆಯುತ್ತಿದ್ದಾನೆಂದು ಅನುಮಾನವಾಗುತ್ತದೆ. ನಿಜವಾದ ಕಷ್ಟವಿರುವುದು ಗಂಡನನ್ನು ಕಳೆದುಕೊಂಡ ಹಿರಿಯ ಹೆಂಗಸರಿಗೆ. ನಮ್ಮ ಕಡೆಯ ಹಳೆಯ ತಲೆಮಾರಿನ ಹೆಂಗಸರು ಗಂಡನ ಹೆಸರು ಹೇಳುವುದಿಲ್ಲ. ಮದುವೆಯಲ್ಲಿ ಒಡಪು ಹಾಕಿ ಹೇಳಿದ್ದೇ ಹೇಳಿದ್ದು, ಆಮೇಲೆ ‘ಏನ್ರೀ’, ‘ಇವ್ರೇ’, ಇಲ್ಲವೇ ಮಗುವಿನ ಹೆಸರು ಹಿಡಿದು ‘ಅವನಪ್ಪಾರು’. ಗೌರವ್ವನ ಮನೆಯ ಮಾತಿನಲ್ಲಿ ಮೊದಲಿಗೇ ಹೆಸರು ಬಂತಲ್ಲ, ಅದನ್ನು ಈ ತಾಯಿಯ ಬಾಯಿಂದ ಹೇಳಿಸುವ ಹಟ ಬೇಡ. ಹೆಸರನ್ನು ಮಕ್ಕಳು ಹೇಳಲಿ, ಆಕೆ ‘ಏನ್ರೀ’ ಎಂದು ಕರೆದು ತನ್ನ ಒಂದು ಮಾತು ಹೇಳಲಿ. ಕೆಲವು ಮನೆಗಳಲ್ಲಿ ಹೆಂಗಸರು ಹೊಳೆಗೇ ಬರುವುದಿಲ್ಲ, ಅಂಥಲ್ಲಿ ಹೊರಡುವ ಮುನ್ನ ಮನೆಯ ಅಂಗಳದಲ್ಲಿಯೇ ಆ ಮಾತನ್ನು ಹೇಳಿ ಕಳುಹಿಸಬಹುದು. ಮಗ ಅದನ್ನು ದಡದಲ್ಲಿ ‘ಅವ್ವ ಹೀಗೆ ಹೇಳಿ ಕಳಿಸ್ಯಾಳೆ’ ಎಂದು ಮುಟ್ಟಿಸಿದರಾಯಿತು.

ಚಿಕ್ಕ ಮಕ್ಕಳಿಂದ ಬಾಯಿಪಾಠ ಹೇಳಿಸುವುದನ್ನು ಬಿಟ್ಟುಬಿಡಿ. ಅವರು ತಾವಾಗಿ ಏನಾದರೂ ಕೇಳಿದರೆ ಉತ್ತರ ಕೊಡಿ.

ಹೇಳಬಾರದ ಮಾತುಗಳಲ್ಲಿ ನಾನು ಬಹಳ ಎಚ್ಚರ ವಹಿಸುವುದು ಆಣೆಯ ವಿಷಯದಲ್ಲಿ. ದುಃಖದ ಭರದಲ್ಲಿ ‘ಅಪ್ಪಾ, ನೀವು ಕಟ್ಟಿಸಿದ ಮನೆಯನ್ನು ಎಂದಿಗೂ ಮಾರುವುದಿಲ್ಲ’, ‘ತಮ್ಮನನ್ನು ಕೊನೆಯವರೆಗೂ ನಾನೇ ನೋಡಿಕೊಳ್ಳುತ್ತೇನೆ’ ಎಂದು ಕೈಯಲ್ಲಿ ನೀರು ಹಿಡಿದು ಹೇಳುವವರಿದ್ದಾರೆ. ಕೇಳಿದವರೆಲ್ಲ ಅದನ್ನು ನೆನಪಿಟ್ಟುಕೊಂಡಿರುತ್ತಾರೆ. ನಾಲ್ಕು ವರ್ಷದ ಮೇಲೆ ಮನೆ ಮಾರಲೇಬೇಕಾಗಿ ಬಂದಾಗ ‘ಹೊಳೆಯಲ್ಲಿ ನಿಂತು ಹೇಳಿದ್ದೆಯಲ್ಲ’ ಎಂಬ ಮಾತು ಬರುತ್ತದೆ, ಹೇಳಿದವನಿಗಂತೂ ನಿದ್ರೆ ಹತ್ತುವುದಿಲ್ಲ. ಮುಂದಿನದರ ಬಗ್ಗೆ ಏನಾದರೂ ಹೇಳಬೇಕೆಂದಿದ್ದರೆ ನಾಳೆಯೇ ಮಾಡಬಹುದಾದ ಸಣ್ಣ ಕೆಲಸವನ್ನು ಹೇಳಿ. ‘ನಿಮ್ಮ ಆಕಳಿಗೆ ದಿನಾ ನೀರಿಡ್ತೀವಿ’ ಎಂದರೆ ಸಾಕು. ಹಾಗೆಯೇ ನಿಜವಲ್ಲದ ಹೊಗಳಿಕೆಯೂ ಬೇಡ. ಕೋಪಿಷ್ಠನಾಗಿದ್ದ ತಂದೆಗೆ ‘ನೀವು ಎಂದೂ ಗದರಲಿಲ್ಲ’ ಎಂದರೆ ಪಕ್ಕದಲ್ಲಿ ನಿಂತ ತಾಯಿಯ ಕಣ್ಣೆದುರೇ ಅದು ಸುಳ್ಳಾಗುತ್ತದೆ. ‘ನಿಮ್ಮ ಸಿಟ್ಟಿಗೆ ಹೆದರ್ತಿದ್ವಿ, ಜ್ವರ ಬಂದಾಗ ಹೊತ್ತುಕೊಂಡು ಆಸ್ಪತ್ರೆಗೆ ಓಡಿದ್ದೂ ನೀವೇ’ ಎಂದರೆ ಎರಡೂ ನಿಜ.

ಪುರೋಹಿತರಿಗೆ ಮೊದಲೇ ತಿಳಿಸಿಡುವುದು ಒಳ್ಳೆಯದು. ಕ್ರಿಯೆ ಮುಗಿದು ಎಳ್ಳು ನೀರು ಬಿಟ್ಟಾದ ಮೇಲೆ, ವಿಸರ್ಜನೆಯ ಮೊದಲು ಒಂದು ನಿಮಿಷ ನಮಗೆ ಬೇಕು ಎಂದು ಕೇಳಿದರೆ ಬೇಡವೆನ್ನುವವರನ್ನು ನಾನು ಕಂಡಿಲ್ಲ. ಕೇಳದೆ ನಡುವೆ ಬಾಯಿ ಹಾಕಿದರೆ ಅವರಿಗೂ ಲಯ ತಪ್ಪುತ್ತದೆ, ನಿಮಗೂ.

ದೇವರು, ಪರಲೋಕಗಳಲ್ಲಿ ನಂಬಿಕೆಯಿಲ್ಲದ ಮನೆಯವರು ಏನು ಮಾಡಬೇಕೆಂದು ಕೇಳುತ್ತಾರೆ. ಜವಾಹರಲಾಲ್ ನೆಹರೂ 1954ರಲ್ಲಿ ಬರೆದಿಟ್ಟ ಉಯಿಲು ಇದಕ್ಕೆ ಒಳ್ಳೆಯ ನಿದರ್ಶನ. ತಮ್ಮ ಚಿತಾಭಸ್ಮದ ಒಂದು ಹಿಡಿಯನ್ನು ಅಲಹಾಬಾದಿನಲ್ಲಿ ಗಂಗೆಗೆ ಹಾಕಬೇಕೆಂದು ಅವರು ಕೇಳಿದರು, ಇದಕ್ಕೆ ತಮ್ಮ ಮಟ್ಟಿಗೆ ಯಾವ ಧಾರ್ಮಿಕ ಅರ್ಥವೂ ಇಲ್ಲವೆಂದು ಸ್ಪಷ್ಟಪಡಿಸಿದರು, ಬಾಲ್ಯದಿಂದಲೂ ಆ ನದಿಯೊಡನೆ ತಮಗಿದ್ದ ನಂಟನ್ನು ಕಾರಣವಾಗಿ ಹೇಳಿದರು. ಉಳಿದ ಬೂದಿಯ ಹೆಚ್ಚಿನ ಭಾಗವನ್ನು ವಿಮಾನದಿಂದ ರೈತರು ದುಡಿಯುವ ಹೊಲಗಳ ಮೇಲೆ ಚೆಲ್ಲಬೇಕೆಂದರು. ಈ ನದಿಯೇ ಏಕೆ ಎಂಬುದಕ್ಕೆ ಅವರು ಕೊಟ್ಟದ್ದು ತಮ್ಮ ಬದುಕಿನ ಕಾರಣ. ನಂಬದ ಮನೆಯವರೂ ಹಾಗೆ ಮಾಡಬಹುದು. ಈಜು ಕಲಿತದ್ದು ಈ ಹೊಳೆಯಲ್ಲಿ, ಗದ್ದೆಗೆ ಬಂದದ್ದು ಈ ನೀರು, ಕುಡಿದದ್ದು ಈ ನೀರು ಎಂದರೆ ಅದು ಯಾವ ನಂಬಿಕೆಯನ್ನೂ ಬೇಡುವುದಿಲ್ಲ. ಸಂಕಲ್ಪದ ಐದು ಸಂಗತಿಗಳೂ ಅವರಿಗೆ ಹಾಗೆಯೇ ಒದಗುತ್ತವೆ.

ಚಿತ್ರದುರ್ಗದ ಕಡೆಯಿಂದ ಬಂದವರಿಗೆ ಬೇರೊಂದು ತೊಡಕಿದೆ. ಅವರ ಹೊಳೆ ವೇದಾವತಿ. ಮಾರಿಕಣಿವೆಯಲ್ಲಿ ವಾಣಿವಿಲಾಸ ಸಾಗರದ ಅಣೆಕಟ್ಟು 1907ರಲ್ಲಿ ಪೂರ್ಣಗೊಂಡಿತು. 1933ರಲ್ಲಿ ಕೋಡಿ ಬಿದ್ದ ಮೇಲೆ ಮತ್ತೆ ಬಿದ್ದದ್ದು 2022ರಲ್ಲಿ. ಅಣೆಕಟ್ಟಿನ ಕೆಳಗೆ ಹಿರಿಯೂರಿನ ಹತ್ತಿರ ವರ್ಷದ ಬಹುಕಾಲ ಹರಿಯುವ ನೀರು ಇರುವುದಿಲ್ಲ. ನಿಂತ ಗುಂಡಿಯ ನೀರಿಗೆ ಬೂದಿ ಹಾಕಿದರೆ ಅದು ಅಲ್ಲಿಯೇ ಕೆನೆಗಟ್ಟಿ ಉಳಿಯುತ್ತದೆ, ಮರುದಿನ ಹೋಗಿ ನೋಡಿದವರಿಗೆ ಸಂಕಟವಾಗುತ್ತದೆ. ಹಾಗಾಗಿ ಅನೇಕರು ಹರಿಹರಕ್ಕೆ ಬರುತ್ತಾರೆ, ಬಂದಮೇಲೆ ‘ನಮ್ಮ ಹೊಳೆ ಬಿಟ್ಟು ಬಂದೆವಲ್ಲ’ ಎಂದು ಕೊರಗುತ್ತಾರೆ. ನಾವು ಉದಾಹರಣೆಗೆ ತೆಗೆದುಕೊಂಡ ಗೌರವ್ವನ ಅಣ್ಣನಿಗೂ ಇದೇ ಕೊರಗು. ಅವನಿಗೆ ಹೇಳಬಹುದಾದ ನಿಜವಾದ ಮಾತೊಂದಿದೆ. ವೇದಾವತಿ ಮುಂದೆ ಹಗರಿ ಎನಿಸಿಕೊಂಡು ಬಳ್ಳಾರಿಯ ಸೀಮೆ ದಾಟಿ ತುಂಗಭದ್ರೆಯನ್ನೇ ಸೇರುತ್ತದೆ. ತುಂಗಭದ್ರೆ ಮಂತ್ರಾಲಯ, ಕರ್ನೂಲುಗಳನ್ನು ಹಾದು ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತದೆ. ನಡುವೆ ಹೊಸಪೇಟೆಯ ಅಣೆಕಟ್ಟು ಇದೆ, ಎಲುಬು ಅಲ್ಲಿಯವರೆಗೂ ಹೋಗುವುದಿಲ್ಲ, ಹರಿಹರದ ಮರಳಿನಲ್ಲಿಯೇ ಉಳಿಯುತ್ತದೆ. ಆದ್ದರಿಂದ ‘ನೀನು ಸಮುದ್ರ ಸೇರ್ತಿ’ ಎಂದು ಅಣ್ಣನು ಹೇಳುವುದಕ್ಕಿಂತ ‘ನಮ್ಮೂರ ಹೊಳಿನೂ ಮುಂದೆ ಈ ಹೊಳಿಗೇ ಬಂದು ಕೂಡ್ತೈತಿ, ತಂಗೆವ್ವಾ’ ಎಂದರೆ ಸುಳ್ಳಿಲ್ಲ, ಕೊರಗಿಗೂ ಉತ್ತರವಾಗುತ್ತದೆ.

ದಡದಲ್ಲಿ ಪಾಲಿಸಬೇಕಾದ ಒಂದೆರಡು ಸಂಗತಿಗಳನ್ನು ಬೇಗ ಹೇಳಿ ಮುಂದೆ ಹೋಗುತ್ತೇನೆ. ಕುಡಿಯುವ ನೀರು ಎತ್ತುವ ಜಾಗ, ಸ್ನಾನದ ಮೆಟ್ಟಿಲು ಇವುಗಳ ಮೇಲ್ಗಡೆ ವಿಸರ್ಜಿಸಬೇಡಿ. ಪ್ಲಾಸ್ಟಿಕ್ ಚೀಲ, ಬಟ್ಟೆ, ದಾರ ಕಟ್ಟಿದ ಹಾರಗಳನ್ನು ವಾಪಸು ತನ್ನಿ, ಬಿಡಿ ಹೂವು ಸಾಕು. ವಿಡಿಯೊ ಮಾಡಲೇಬೇಕೆಂದಿದ್ದರೆ ಮನೆಯ ಹೊರಗಿನವರೊಬ್ಬರು ದೂರದಿಂದ ಮಾಡಲಿ, ಮೊಬೈಲ್ ಹಿಡಿದವನಿಗೆ ಮಾತನಾಡಲು ಆಗುವುದಿಲ್ಲ.

ಕೊನೆಯದಾಗಿ, ಬರಲಾಗದ ಮಗನ ವಿಷಯ. ಫೋನಿನಲ್ಲಿ ಅವನನ್ನು ಮಾತನಾಡಿಸುವ ಪ್ರಯತ್ನ ಬಹಳ ಸಲ ಕೆಡುತ್ತದೆ. ನೀರಿನ ಸದ್ದಿಗೆ ಅವನ ದನಿ ಕೇಳಿಸುವುದಿಲ್ಲ, ಸಂಪರ್ಕ ಕಡಿಯುತ್ತದೆ, ‘ಹಲೋ, ಹಲೋ, ಕೇಳಿಸ್ತೈತಾ?’ ಎಂಬ ಕೂಗಿನಲ್ಲಿ ಉಳಿದವರ ಮಾತೂ ಹಾಳಾಗುತ್ತದೆ. ಹಿಂದಿನ ರಾತ್ರಿಯೇ ಅವನ ಒಂದು ವಾಕ್ಯವನ್ನು ಕೇಳಿ ಬರೆದುಕೊಂಡು, ದಡದಲ್ಲಿ ಅಕ್ಕ ಅದನ್ನು ಓದುವುದು ಒಂದು ದಾರಿ. ಇನ್ನೊಂದು ದಾರಿಯನ್ನು ಕೋವಿಡ್ ಕಾಲದಲ್ಲಿ ಅನೇಕ ಮನೆಗಳು ಅನಿವಾರ್ಯವಾಗಿ ಹಿಡಿದವು, ಬೂದಿಯ ಒಂದು ಪಾಲನ್ನು ತೆಗೆದಿಟ್ಟು, ಬರಬೇಕಾದವರು ಬಂದ ಮೇಲೆ ಬಿಟ್ಟವು. ಮನೆಯ ಪದ್ಧತಿ ಒಪ್ಪುವುದಾದರೆ ಕಿರಿಯ ಮಗನಿಗೆ ಇದು ಆಗಬಹುದು, ಒಪ್ಪದಿದ್ದರೆ ಹೂವು ಮತ್ತು ಎಳ್ಳು ನೀರಿನಿಂದಲೇ ಮಾಡಬಹುದು. ಆಗ ಅಣ್ಣ ಓದಿದ ಕಾಗದವನ್ನೇ ಅವನ ಕೈಗೆ ಕೊಡಬೇಡಿ. ದಿನ ಬೇರೆಯಾಗಿದೆ, ನಿಂತವರು ಬೇರೆಯಾಗಿದ್ದಾರೆ, ಸಂಕಲ್ಪದಲ್ಲಿ ತಿಥಿ ಬದಲಾಗುವಂತೆ ಅವನ ಮೊದಲ ವಾಕ್ಯವೂ ಬದಲಾಗಬೇಕು. ‘ಅವ್ವಾ, ಗೌರವ್ವಾ, ನಾನು ಸಣ್ಣಾವ. ಇವತ್ತು ಬಂದೀನಿ, ತಡ ಆಯ್ತು’ ಎಂದು ಶುರು ಮಾಡಿದರೆ ಉಳಿದದ್ದನ್ನು ಅವನು ಯಾರ ಸಹಾಯವೂ ಇಲ್ಲದೆ ಹೇಳಿಕೊಳ್ಳುತ್ತಾನೆ.